ಚಂಡರಕಿ ಶಾಲೆಯ ಹೊಸ ಬಚ್ಚಲು

ಒಂದು ದಿನದ ಮಟ್ಟಿಗೆ ನಿಮಗೊಂದು ಕೆಲಸ ಕೊಡುತ್ತೇನೆ. ನೀವು ಯಾದಗಿರಿಯ ಸ್ಟ್ರಿಂಗರ್. ಚಾನೆಲ್ ಯಾವುದೆಂದು ಕೇಳಬೇಡಿ, ಯಾವುದಾದರೂ ಒಂದೇ. ನಿಮಗೆ ತಿಂಗಳ ಸಂಬಳವಿಲ್ಲ, ಪ್ರಸಾರವಾದ ಸುದ್ದಿಗೆ ಇಷ್ಟು ಎಂಬ ಲೆಕ್ಕ. ಪ್ರಸಾರವಾಗದಿದ್ದರೆ ಪೆಟ್ರೋಲಿನ ದುಡ್ಡೂ ಕೈಬಿಟ್ಟ ಹಾಗೆ. ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ಲೋಗೊ ಸಿಕ್ಕಿಸಿದ ಮೈಕು, ಜೇಬಿನಲ್ಲಿ ಎರಡು ಫೋನು. ತಾರೀಖು 2019ರ ಜೂನ್ 21, ಶುಕ್ರವಾರ.

ಬೆಳಿಗ್ಗೆಯೇ ಸೆಕೆ. ಅಂಗಿಯ ಬೆನ್ನು ಆಗಲೇ ಒದ್ದೆಯಾಗಿದೆ. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ರಾತ್ರಿಯ ರೈಲಿನಲ್ಲಿ ಬೆಂಗಳೂರಿನಿಂದ ಯಾದಗಿರಿಗೆ ಬಂದಿಳಿದಿದ್ದಾರೆ. ಇಲ್ಲಿಂದ ಗುರುಮಠಕಲ್ ಕಡೆಯ ಚಂಡರಕಿಗೆ ಹೋಗಿ, ಅಲ್ಲಿನ ಸರ್ಕಾರಿ ಶಾಲೆಯಲ್ಲಿ ರಾತ್ರಿ ಉಳಿಯುತ್ತಾರೆ. ಗ್ರಾಮ ವಾಸ್ತವ್ಯದ ಎರಡನೆಯ ಸುತ್ತು ಇಲ್ಲಿಂದ ಶುರು. ಅವರು ಹೋಗುವುದು ಕಾರಿನಲ್ಲಲ್ಲ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ. ನಿಮಗೆ ಬೇಕಾದದ್ದೂ ಅದೇ.

ಬಸ್ಸು ಸ್ಟಾರ್ಟ್ ಆಗಿ ನಿಂತಿದೆ. ಡೀಸೆಲ್ ಹೊಗೆ ಗಂಟಲಿಗೆ ಅಡರುತ್ತದೆ. ಬಾಗಿಲ ಬಳಿ ಪೊಲೀಸರ ತೋಳು, ಕಾರ್ಯಕರ್ತರ ಹಾರ, ನಿಮ್ಮಂಥವರ ಮೊಣಕೈ. ಯಾರೋ ನಿಮ್ಮ ಕಾಲು ತುಳಿಯುತ್ತಾರೆ, ನೀವೂ ಇನ್ಯಾರದೋ ಕಾಲು ತುಳಿಯುತ್ತೀರಿ. ಬಿಳಿ ಅಂಗಿ ಕಾಣಿಸುತ್ತದೆ. ಮೆಟ್ಟಿಲ ಮೇಲೆ ಒಂದು ಕಾಲು, ಕಂಬಿ ಹಿಡಿದ ಕೈ, ಜನರ ಕಡೆ ತಿರುಗಿದ ಮುಖ. ಸಿಕ್ಕಿತು. ಆ ಕೆಲವು ಸೆಕೆಂಡು ಸಿಕ್ಕಿತೆಂದರೆ ಬೆಳಗಿನ ಬುಲೆಟಿನ್ನು ನಿಮ್ಮದು.

ಉಸಿರು ಸುಧಾರಿಸಿಕೊಳ್ಳುವಾಗ ಒಂದು ಪ್ರಶ್ನೆ ಹಾಕಿಕೊಳ್ಳಿ. ಆಡಳಿತಕ್ಕೆ ಈ ಬಸ್ಸಿನಿಂದ ಏನು ಉಪಯೋಗ? ಹಿಂದೆ ಮುಂದೆ ಬೆಂಗಾವಲಿನ ವಾಹನಗಳು ಹೇಗಿದ್ದರೂ ಬರಲೇಬೇಕು. ಚಂಡರಕಿಯವರ ಅರ್ಜಿ ಬಸ್ಸಿನಲ್ಲಿ ಹೋದರೆ ಬೇಗ ಇತ್ಯರ್ಥವಾಗುವುದಿಲ್ಲ, ಕಾರಿನಲ್ಲಿ ಹೋದರೆ ತಡವಾಗುವುದಿಲ್ಲ. ಬಸ್ಸಿನ ಉಪಯೋಗ ಬೇರೆ. ಅದಕ್ಕೆ ದೊಡ್ಡ ಕಿಟಕಿಗಳಿವೆ, ಹತ್ತಿ ಇಳಿಯಲು ಮೆಟ್ಟಿಲಿದೆ, ಪಕ್ಕದ ಸೀಟಿದೆ. ಕರಿಗಾಜಿನ ಕಾರು ಒಳಗಿದ್ದವರನ್ನು ಮುಚ್ಚುತ್ತದೆ, ಬಸ್ಸು ತೋರಿಸುತ್ತದೆ.

ಅಮೆರಿಕದ ಡೇವಿಡ್ ಆಲ್ತೈಡ್ ಮತ್ತು ರಾಬರ್ಟ್ ಸ್ನೋ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1979ರಲ್ಲಿ ಇದಕ್ಕೆ ‘ಮಾಧ್ಯಮದ ತರ್ಕ’ ಎಂದು ಹೆಸರಿಟ್ಟರು. ಸುದ್ದಿಗೆ ತನ್ನದೇ ಅಚ್ಚುಗಳಿವೆ. ಚಿಕ್ಕದಾಗಿರಬೇಕು, ಕಣ್ಣಿಗೆ ಕಾಣಬೇಕು, ಒಬ್ಬ ವ್ಯಕ್ತಿಯ ಮೇಲೆ ನಿಲ್ಲಬೇಕು, ಅದರಲ್ಲೊಂದು ಜಗಳವೋ ಅಚ್ಚರಿಯೋ ಇರಬೇಕು. ಈ ಅಚ್ಚಿನಲ್ಲಿ ಕೂರದ್ದು ಪರದೆಗೆ ಬರುವುದಿಲ್ಲ. ಅಲ್ಲಿಯವರೆಗೆ ಇದು ಸುದ್ದಿಮನೆಯ ಸಂಗತಿ. ಸುದ್ದಿಮನೆಯ ಹೊರಗಿರುವ ರಾಜಕಾರಣಿ, ಜಿಲ್ಲಾಧಿಕಾರಿ, ಹೋರಾಟಗಾರ ಎಲ್ಲರೂ ತಮ್ಮ ಕೆಲಸವನ್ನೇ ಆ ಅಚ್ಚಿಗೆ ತಕ್ಕಂತೆ ಕತ್ತರಿಸಿಕೊಳ್ಳಲು ಶುರುಮಾಡಿದಾಗ ಅದು ಮಾಧ್ಯಮೀಕರಣವಾಗುತ್ತದೆ. ಈಗ ನೀವು ಹಿಡಿದ ಆ ಮೆಟ್ಟಿಲ ದೃಶ್ಯ ನೀವು ಹುಡುಕಿ ಹಿಡಿದದ್ದಲ್ಲ. ನೀವು ಬರುತ್ತೀರೆಂದೇ ಅದನ್ನು ಅಲ್ಲಿ ಇಟ್ಟಿದ್ದರು.

ಬಸ್ಸಿನ ಹಿಂದೆ ಬೈಕಿನಲ್ಲಿ ಹೊರಡುತ್ತೀರಿ. ಕಣ್ಣಿಗೆ ಧೂಳು. ಕಿಟಕಿಯಲ್ಲಿ ಕಾಣುವ ಆ ಮುಖದಲ್ಲಿ ದಣಿವಿದೆ, ಅದಕ್ಕೆ ಕಾರಣವೂ ನಿಮಗೆ ಗೊತ್ತು. ಲೋಕಸಭೆಯ ಫಲಿತಾಂಶ ಬಂದು ಇನ್ನೂ ತಿಂಗಳಾಗಿಲ್ಲ. ರಾಜ್ಯದ 28 ಸ್ಥಾನಗಳಲ್ಲಿ ಜೆಡಿಎಸ್‌ಗೆ ಸಿಕ್ಕಿದ್ದು ಹಾಸನ ಒಂದೇ. ತುಮಕೂರಿನಲ್ಲಿ ಅಪ್ಪ ದೇವೇಗೌಡರು ಸೋತರು, ಮಂಡ್ಯದಲ್ಲಿ ಮಗ ನಿಖಿಲ್ ಸೋತರು. ಸೋಲಿಗೂ ಮೊದಲೇ ಆ ವಿಡಿಯೊ ಬಂದಿತ್ತು. ಮಗನ ಸಿನಿಮಾದ ಹಳೆಯ ಸಮಾರಂಭವೊಂದರಲ್ಲಿ ಅಪ್ಪ ವೇದಿಕೆಯಿಂದ ‘ನಿಖಿಲ್ ಎಲ್ಲಿದೀಯಪ್ಪಾ’ ಎಂದು ಕೂಗುವ ತುಣುಕು ಅದು. ಚುನಾವಣೆಯ ಹೊತ್ತಿಗೆ ಮದುವೆಮನೆ, ಕಾಲೇಜು, ಕ್ರಿಕೆಟ್ ಮೈದಾನ ಎಲ್ಲೆಲ್ಲೂ ಜನ ಅದನ್ನೇ ಕೂಗುತ್ತಿದ್ದರು. ಅಭಿಮಾನಿಗಳಿಗೆಂದು ಆಡಿಸಿದ ಒಂದು ಸಣ್ಣ ನಾಟಕ ಊರಿಗೆಲ್ಲ ತಮಾಷೆಯಾಯಿತು. ಹೋದ ತಿಂಗಳು ಇದೇ ಮುಖ್ಯಮಂತ್ರಿ ಟಿವಿ ಚಾನೆಲ್‌ಗಳ ಮೇಲೆ ಸಿಟ್ಟಾಗಿ, ರಾಜಕಾರಣಿಗಳನ್ನು ಕಾರ್ಟೂನಿನಂತೆ ತೋರಿಸಲು ನಿಮಗೆ ಅಧಿಕಾರ ಕೊಟ್ಟವರು ಯಾರು ಎಂದು ವೇದಿಕೆಯಲ್ಲೇ ಕೇಳಿದ್ದರು, ಕಡಿವಾಣಕ್ಕೆ ಕಾನೂನು ತರುವ ಮಾತನ್ನೂ ಆಡಿದ್ದರು. ಈಗ ಅವೇ ಚಾನೆಲ್‌ಗಳ ಓಬಿ ವ್ಯಾನುಗಳು ಅವರ ಬಸ್ಸಿನ ಹಿಂದೆ ಸಾಲುಗಟ್ಟಿವೆ.

ಇದರಲ್ಲಿ ಇಬ್ಬಂದಿತನ ಹುಡುಕುವುದು ಸುಲಭ. ನನಗೆ ಕಾಣುವುದು ಇಕ್ಕಟ್ಟು. ನಿಮ್ಮನ್ನು ಬೈದು ಅವರು ಬದುಕಬಲ್ಲರು, ನೀವು ತೋರಿಸದೆ ಬಿಟ್ಟರೆ ಬದುಕಲಾರರು.

ಚಂಡರಕಿ. ಶಾಮಿಯಾನದ ಅಡಿಯಲ್ಲಿ ಗಾಳಿಯೇ ಇಲ್ಲ. ಬೆವರು, ತಲೆಗೆಣ್ಣೆ, ಎಲ್ಲೋ ಕುದಿಯುತ್ತಿರುವ ಸಾರು, ಹೊಸ ತಾಡಪತ್ರಿಯ ವಾಸನೆ ಎಲ್ಲ ಕಲೆತು ಮೂಗಿಗೆ ಹೊಡೆಯುತ್ತವೆ. ಮೈಕಿನಲ್ಲಿ ಯಾರೋ ಸಾಲಿನಲ್ಲಿ ಬರ್ರಿ, ಸಾಲಿನಲ್ಲಿ ಬರ್ರಿ ಎಂದು ಕೂಗುತ್ತಲೇ ಇದ್ದಾರೆ. ತೆಲಂಗಾಣದ ಗಡಿ ಹತ್ತಿರ, ಹಾಗಾಗಿ ಕನ್ನಡದ ನಡುನಡುವೆ ತೆಲುಗು ಕೇಳಿಸುತ್ತದೆ. ಜನತಾ ದರ್ಶನದ ಸಾಲು ಶಾಲೆಯ ಗೇಟು ದಾಟಿ ರಸ್ತೆಗೆ ಬಂದಿದೆ. ಎಲ್ಲರ ಕೈಯಲ್ಲೂ ಹಾಳೆ. ಕೆಲವರದು ಪ್ಲಾಸ್ಟಿಕ್ ಚೀಲದಲ್ಲಿ, ಕೆಲವರದು ಮಡಿಸಿ ಮಡಿಸಿ ಮಡಿಕೆಯಲ್ಲೇ ಹರಿಯಲು ಬಂದದ್ದು.

ನಿಮ್ಮ ಪಕ್ಕದಲ್ಲಿ ನಿಂತ ಅಜ್ಜಿ ಲೋಗೊ ನೋಡಿ ನಿಮ್ಮನ್ನೂ ಸರ್ಕಾರದವರೆಂದೇ ತಿಳಿದಿದ್ದಾಳೆ.

“ಯಪ್ಪಾ, ಸಾಹೇಬ್ರು ಇನ್ನಾ ಎಷ್ಟ್ ಹೊತ್ತ ಕುಂಡ್ರತಾರ?”

“ಸಂಜೀತನ ಅದಾರಬೇ. ಏನದ ನಿನ್ನ ಅರ್ಜಿ?”

“ಪಗಾರ ನಿಂತದ. ನಾಕ ಸಲ ನಾಡಕಚೇರಿಗಿ ಹೋಗೀನಿ.”

ಪಗಾರವೆಂದರೆ ಪಿಂಚಣಿ. ಆ ಹಾಳೆಯ ಹಿಂದೆಯೇ ಸ್ವಲ್ಪ ಹೋಗೋಣ, ಏಕೆಂದರೆ ನಿಮ್ಮ ಕ್ಯಾಮೆರಾ ಹೋಗುವುದಿಲ್ಲ. ಮುಖ್ಯಮಂತ್ರಿ ಅದನ್ನು ಕೈಗೆ ತೆಗೆದುಕೊಳ್ಳುತ್ತಾರೆ, ಒಂದು ಸಾಲು ಓದುತ್ತಾರೆ, ಪಕ್ಕದ ಅಧಿಕಾರಿಯ ಕಡೆ ನೋಡುತ್ತಾರೆ. ಹಾಳೆ ಮೇಜು ದಾಟುತ್ತದೆ. ಅದಕ್ಕೊಂದು ಸಂಖ್ಯೆ ಬೀಳುತ್ತದೆ, ಇಲಾಖೆಯ ಹೆಸರು ಬೀಳುತ್ತದೆ, ‘ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಎಂಬ ಒಕ್ಕಣೆ ಬೀಳುತ್ತದೆ. ಅಲ್ಲಿಂದ ಜಿಲ್ಲಾ ಕಚೇರಿ, ಅಲ್ಲಿಂದ ತಾಲ್ಲೂಕು ಕಚೇರಿ, ಕೊನೆಗೆ ಅಜ್ಜಿ ನಾಲ್ಕು ಸಲ ಹೋಗಿ ಬಂದ ಅದೇ ನಾಡಕಚೇರಿಯ ಅದೇ ಮೇಜು. ಅಜ್ಜಿಯ ಬ್ಯಾಂಕ್ ಖಾತೆಯ ಹೆಸರಿನ ಒಂದಕ್ಷರ ಆಧಾರಿನ ಹೆಸರಿಗೆ ಹೊಂದದಿದ್ದರೆ ಮುಖ್ಯಮಂತ್ರಿಯ ಕೈ ಮುಟ್ಟಿದ ಹಾಳೆಯೂ ಅಲ್ಲೇ ಎಡವುತ್ತದೆ. ಸರಿಹೋದರೆ ಹಣ, ಸರಿಹೋಗದಿದ್ದರೆ ಒಂದು ಹಿಂಬರಹ. ಎರಡಕ್ಕೂ ವಾರಗಳು ಬೇಕು, ಎರಡರಲ್ಲೂ ನೋಡುವಂಥದ್ದು ಏನೂ ಇಲ್ಲ. ಆಡಳಿತದ ಗಡಿಯಾರ ಹೀಗೆ ನಡೆಯುತ್ತದೆ.

ನಿಮ್ಮ ಗಡಿಯಾರ ಜೇಬಿನಲ್ಲಿ ನಡುಗುತ್ತಿದೆ. ಬೆಂಗಳೂರಿನ ಡೆಸ್ಕು.

“ಕ್ಯೂ ವಿಷುವಲ್ಸ್ ಸಾಕು ಗುರು. ಎಲ್ಲಾ ಚಾನೆಲ್‌ನಲ್ಲೂ ಅದೇ ಓಡ್ತಿದೆ. ಬಾತ್‌ರೂಮ್ ಕಟ್ಸಿದಾರಂತಲ್ಲ ಸ್ಕೂಲಲ್ಲಿ, ಅದು ಇದೆಯಾ?”

ನಿಮಗೆ ಎರಡೂ ಗೊತ್ತು. ಅಜ್ಜಿಯ ಹಾಳೆ ಸುದ್ದಿ ಎಂಬುದು ಗೊತ್ತು, ಆ ಬಚ್ಚಲು ಪ್ರಸಾರವಾಗುವ ಸುದ್ದಿ ಎಂಬುದೂ ಗೊತ್ತು. ತೂಕಕ್ಕೆ ಹಾಕಲು ಹೆಚ್ಚು ಹೊತ್ತಿಲ್ಲ. ಬೈಕಿಗೆ ಹಾಕಿಸಿದ ಪೆಟ್ರೋಲು ನೆನಪಾಗುತ್ತದೆ. ಮನೆಯಲ್ಲಿ ಕಟ್ಟಬೇಕಾದ ಮಗಳ ಫೀಸು ನೆನಪಾಗುತ್ತದೆ. ನೀವು ಸಾಲಿನಿಂದ ಹೊರಗೆ ಸರಿಯುತ್ತೀರಿ. ಅಜ್ಜಿ ನಿಮ್ಮ ಬೆನ್ನು ನೋಡುತ್ತಾಳೆ.

ಶಾಲೆಯ ಹಿಂದೆ ಹೋಗುತ್ತಿದ್ದಂತೆ ಮೈಕಿನ ಸದ್ದು ತಗ್ಗುತ್ತದೆ. ಹಸಿ ಸಿಮೆಂಟಿನ ವಾಸನೆ. ಎದೆ ಹೊಡೆದುಕೊಳ್ಳುತ್ತಿದೆ. ಪೇದೆಯೊಬ್ಬ ಆ ಕಡೆ ತಿರುಗಿ ನಿಂತಿದ್ದಾನೆ. ಕ್ಯಾಮೆರಾ ಎತ್ತುತ್ತೀರಿ. ಬಾಗಿಲು, ಹೊಸ ಗೋಡೆ, ಕಮೋಡು. ಕೈ ನಡುಗಿದರೆ ದೃಶ್ಯ ಹಾಳು. ಉಸಿರು ಹಿಡಿಯುತ್ತೀರಿ. ಹಿಂದಿನಿಂದ “ಏ, ಯಾರಪ್ಪಾ ಅಲ್ಲಿ!” ತಿರುಗುವುದಿಲ್ಲ. ಇನ್ನೊಂದು ಸೆಕೆಂಡು. ಇನ್ನೊಂದು. ಆಯಿತು. ನಡೆಯಿರಿ, ಓಡಬೇಡಿ. ಓಡಿದರೆ ಹಿಡಿಯುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ರಾಜ್ಯಕ್ಕೆಲ್ಲ ಚಂಡರಕಿ ಎಂದರೆ ಬಚ್ಚಲು. ವಿರೋಧ ಪಕ್ಷ ಅದನ್ನು ಪಂಚತಾರಾ ವಾಸ್ತವ್ಯ ಎನ್ನುತ್ತದೆ, ನಾಟಕ ಎನ್ನುತ್ತದೆ. ಮುಖ್ಯಮಂತ್ರಿ ಕಿರಿಕಿರಿಯಿಂದಲೇ ಉತ್ತರಿಸುತ್ತಾರೆ. ತಾನು ಬಂದದ್ದು ಸಾಧಾರಣ ಬಸ್ಸಿನಲ್ಲಿ, ಬೇಕೆಂದರೆ ರಸ್ತೆಯಲ್ಲೂ ಮಲಗಬಲ್ಲೆ, ಒಂದು ಸಣ್ಣ ಬಚ್ಚಲು ಕಟ್ಟಿದ್ದಾರೆ, ಅದನ್ನೇನು ನಾನು ಹೊತ್ತುಕೊಂಡು ಹೋಗುತ್ತೇನೆಯೇ ಎಂಬುದು ಅವರ ವಾದದ ಸಾರ.

ಆ ವಾದದಲ್ಲಿ ಹುರುಳಿದೆ. ಹೃದಯದ ಶಸ್ತ್ರಚಿಕಿತ್ಸೆ ಕಂಡ, ಅರವತ್ತರ ಹೊಸ್ತಿಲಲ್ಲಿರುವ ಮನುಷ್ಯನಿಗೆ ಬಚ್ಚಲು ಐಷಾರಾಮವಲ್ಲ. ಶಾಲೆಗೆ ಅದು ಉಳಿಯುತ್ತದೆ ಎನ್ನುವುದೂ ನಿಜ. ಆದರೂ ಅವರ ಉತ್ತರ ಎಲ್ಲಿಂದ ಶುರುವಾಯಿತು ನೋಡಿ: ಬಸ್ಸಿನಿಂದ. ಬೆಳಿಗ್ಗೆ ಚಿತ್ರವಾಗಲೆಂದು ಆರಿಸಿದ್ದ ಬಸ್ಸು ಮಧ್ಯಾಹ್ನ ಸಾಕ್ಷಿ ಹೇಳಲು ಬಂತು. ಒಂದು ಚಿತ್ರಕ್ಕೆ ಇನ್ನೊಂದು ಚಿತ್ರವನ್ನೇ ಅಡ್ಡ ಹಿಡಿಯಬೇಕಾಯಿತು. ನಾಡಕಚೇರಿಯ ಮೇಜಿನ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ಸ್ವೀಡನ್ನಿನ ಯೆಸ್ಪರ್ ಸ್ಟ್ರಾಂಬ್ಯಾಕ್ 2008ರಲ್ಲಿ ರಾಜಕೀಯದ ಮಾಧ್ಯಮೀಕರಣವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದು ಇಂಥ ಹೊತ್ತಿನಲ್ಲಿ ಕೈಗೆ ಬರುತ್ತದೆ. ಜನರಿಗೆ ರಾಜಕೀಯ ತಿಳಿಯುವುದು ಮುಖ್ಯವಾಗಿ ಮಾಧ್ಯಮದಿಂದ ಎಂಬುದು ಮೊದಲ ಹಂತ. ಮಾಧ್ಯಮ ಸರ್ಕಾರದ ಹಿಡಿತದಿಂದ ಬಿಡಿಸಿಕೊಂಡು ತನ್ನ ಕಾಲ ಮೇಲೆ ನಿಲ್ಲುವುದು ಎರಡನೆಯದು. ರಾಜಕಾರಣಿಯೇ ಮಾಧ್ಯಮಕ್ಕೆ ಹೊಂದಿಕೊಳ್ಳಬೇಕಾಗುವುದು ಮೂರನೆಯದು. ನಾಲ್ಕನೆಯದರಲ್ಲಿ ಹೊಂದಿಕೊಳ್ಳುತ್ತಿದ್ದೇನೆ ಎಂಬ ಅರಿವೂ ಹೋಗಿಬಿಡುತ್ತದೆ. ಕ್ಯಾಮೆರಾ ಇಲ್ಲದ ಕಡೆಯೂ ಕ್ಯಾಮೆರಾದ ಲೆಕ್ಕದಲ್ಲೇ ಯೋಚನೆ ನಡೆಯುತ್ತದೆ.

ಮೂರಕ್ಕೂ ನಾಲ್ಕಕ್ಕೂ ನಡುವಿನ ವ್ಯತ್ಯಾಸವನ್ನು ಚಂಡರಕಿಯಲ್ಲಿ ಕಣ್ಣಾರೆ ನೋಡಬಹುದು. ಇದೇ ಕುಮಾರಸ್ವಾಮಿ 2006-07ರಲ್ಲಿ ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ ನಲವತ್ತಕ್ಕೂ ಹೆಚ್ಚು ಊರುಗಳಲ್ಲಿ ರಾತ್ರಿ ಕಳೆದರು. ಆಗ ಉಳಿದದ್ದು ಮನೆಗಳಲ್ಲಿ, ಬಡವರ ಮತ್ತು ದಲಿತರ ಮನೆಗಳಲ್ಲೂ. ಟಿವಿ9 ಕನ್ನಡಕ್ಕೆ ಬಂದದ್ದೇ 2006ರ ಕೊನೆಗೆ. ಕೈಯಲ್ಲಿ ಕ್ಯಾಮೆರಾ ಇರುವ ಫೋನು ಹಳ್ಳಿಗೆ ಬಂದಿರಲಿಲ್ಲ. ಮುಖ್ಯಮಂತ್ರಿ ಬಂದು, ಉಂಡು, ಮಲಗಿ ಎದ್ದು ಹೋದ ಮೇಲೆ ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತಿತ್ತು. ಹದಿಮೂರು ವರ್ಷಗಳ ನಂತರ ಅದೇ ಕಾರ್ಯಕ್ರಮ ಬಂದಾಗ ಎಲ್ಲರಿಗೂ ಅದು ಹೇಗೆ ಕಾಣುತ್ತದೆಂದು ಮೊದಲೇ ಗೊತ್ತು. ಬಚ್ಚಲು ಕಟ್ಟಿಸುವವರಿಗೂ ಗೊತ್ತು, ಕಟ್ಟಿದ ಬಚ್ಚಲನ್ನು ಹುಡುಕುವವರಿಗೂ ಗೊತ್ತು. ನಿಮ್ಮ ಡೆಸ್ಕು ಬಚ್ಚಲನ್ನು ಕೇಳಿದ್ದು ಹಾಗಾಗಿಯೇ.

ಬರೀ ಪ್ರಚಾರಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ಕ್ಯಾಮೆರಾವನ್ನು ಮನಸ್ಸಿನಲ್ಲೇ ತೆಗೆದುಹಾಕಿ ನೋಡಿ. ಆಗಲೂ ಉಳಿಯುವುದು ಆಡಳಿತ. ಅಜ್ಜಿಯ ಹಾಳೆ ಉಳಿಯುತ್ತದೆ, ಶಾಲೆಯ ಕೋಣೆಯ ಬೇಡಿಕೆ ಉಳಿಯುತ್ತದೆ. ಬಸ್ಸು ಹೋಗುತ್ತದೆ, ರಾತ್ರಿ ಅಲ್ಲೇ ಮಲಗಬೇಕಾದ ಅಗತ್ಯ ಹೋಗುತ್ತದೆ, ಅದರೊಂದಿಗೆ ಬಚ್ಚಲಿನ ಅಗತ್ಯವೂ ಹೋಗುತ್ತದೆ. ಮಾಡಿದ ಕೆಲಸವನ್ನು ತೋರಿಸಿದರೆ ಅದು ಪ್ರಚಾರ. ತೋರಿಸುವುದಕ್ಕಾಗಿ ಯಾವ ಕೆಲಸ, ಎಲ್ಲಿ, ಎಷ್ಟು ಹೊತ್ತಿಗೆ ಎಂದು ನಿರ್ಧಾರವಾದರೆ ಅದು ಮಾಧ್ಯಮೀಕರಣ. ಎರಡೂ ಒಂದೇ ದಿನ, ಒಂದೇ ಶಾಮಿಯಾನದ ಕೆಳಗೆ ಇರಬಹುದು. ಚಂಡರಕಿಯಲ್ಲಿ ಇದ್ದದ್ದೂ ಹಾಗೆಯೇ. ಸುಮ್ಮನೆ ನಾಟಕ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ನಾಟಕವಿಲ್ಲದಿದ್ದರೆ ಅಜ್ಜಿ ಮುಖ್ಯಮಂತ್ರಿಯ ಮುಖವನ್ನೇ ನೋಡುತ್ತಿರಲಿಲ್ಲ, ಅಷ್ಟೂ ಇಲಾಖೆಗಳ ಅಧಿಕಾರಿಗಳು ಆ ಬಿಸಿಲಲ್ಲಿ ಒಂದೇ ಕಡೆ ಕೂತಿರುತ್ತಿರಲಿಲ್ಲ.

ರಾತ್ರಿ. ಶಾಲೆಯ ಮಕ್ಕಳೊಂದಿಗೆ ಊಟ ಮುಗಿದಿದೆ. ಸೊಳ್ಳೆ ಕಿವಿಯಲ್ಲಿ ಹಾಡುತ್ತಿದೆ. ನೀವು ಹೊರಗೆ ಪರಸಿಕಲ್ಲಿನ ಕಟ್ಟೆಯ ಮೇಲೆ ಕೂತಿದ್ದೀರಿ, ಕಲ್ಲು ಇನ್ನೂ ಹಗಲಿನ ಬಿಸಿ ಉಗುಳುತ್ತಿದೆ. ಬಾಗಿಲು ಮುಚ್ಚಿದೆ. ನಿಮ್ಮ ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಫೋನಿಗೆ ಒಂದು ಚಿತ್ರ ಬಂದು ಬೀಳುತ್ತದೆ. ಶಾಲೆಯ ಕೋಣೆ, ನೆಲದ ಮೇಲೆ ಹಾಸಿಗೆ, ಅದರ ಮೇಲೆ ಮಲಗಿದ ಮುಖ್ಯಮಂತ್ರಿ. ನೀವು ತೆಗೆದದ್ದಲ್ಲ. ನೀವು ಹೊರಗಿದ್ದೀರಿ. ಆದರೂ ಚಿತ್ರ ನಿಮಗಿಂತ ಮೊದಲೇ ಶಹಾಪುರಕ್ಕೆ, ಸುರಪುರಕ್ಕೆ ಹೋಗಿ ಮುಟ್ಟಿದೆ. ಅಲ್ಲಿನ ಗುಂಪುಗಳಲ್ಲಿ ಕೈಮುಗಿದವರೂ ಇದ್ದಾರೆ, ನಕ್ಕವರೂ ಇದ್ದಾರೆ.

ಇಲ್ಲಿಂದ ನಿಮ್ಮ ಪಾತ್ರ ಸಣ್ಣದಾಗುತ್ತದೆ. ನೆದರ್ಲೆಂಡ್ಸಿನ ಹೊಸೆ ವಾನ್ ಡೈಕ್ ಮತ್ತು ಥಾಮಸ್ ಪೂಲ್ 2013ರಲ್ಲಿ ಬರೆದಂತೆ ಸಾಮಾಜಿಕ ಜಾಲತಾಣಕ್ಕೆ ತನ್ನದೇ ಬೇರೆ ತರ್ಕವಿದೆ. ಟಿವಿಗೆ ಒಬ್ಬ ಸಂಪಾದಕನಾದರೂ ಇದ್ದ, ಬೇಡ ಎನ್ನಬಲ್ಲವನು. ಇಲ್ಲಿ ಯಾವುದು ಮೇಲೆ ತೇಲಬೇಕೆಂದು ತೀರ್ಮಾನಿಸುವುದು ವೇದಿಕೆಯೊಳಗಿನ ಲೆಕ್ಕಾಚಾರ ಮತ್ತು ಹಂಚುವವರ ಬೆರಳು. ನಾಯಕನಿಗೆ ಅನುಕೂಲವೆಂದರೆ ಮಧ್ಯದಲ್ಲಿ ನೀವು ಬೇಕಿಲ್ಲ. ಅಪಾಯವೂ ಅದೇ, ಮಧ್ಯದಲ್ಲಿ ಯಾರೂ ಇಲ್ಲ. ಮಲಗಿದ ಚಿತ್ರ ಸರಳತೆಯೆಂದು ಹೊರಟು ‘ನಿಖಿಲ್ ಎಲ್ಲಿದೀಯಪ್ಪಾ’ ಆಗಿ ತಿರುಗಿ ಬರಬಹುದು. ಅದನ್ನು ತಡೆಯಲು ಯಾವ ಕಾನೂನಿಗೂ ಆಗುವುದಿಲ್ಲ.

ಮರುದಿನ ಅಫಜಲಪುರ ತಾಲ್ಲೂಕಿನ ಹೇರೂರು (ಬಿ) ಗ್ರಾಮದಲ್ಲಿ ವಾಸ್ತವ್ಯ ಇರಬೇಕಿತ್ತು. ಮಳೆ ಬಂತು, ಮುಂದೂಡಿದರು. ಬರದ ನಾಡಿಗೆ ಮಳೆ ಬಂದದ್ದೇ ಕಾರ್ಯಕ್ರಮಕ್ಕೆ ಅಡ್ಡಿಯಾಯಿತು.

ಈಗ ನಿಮ್ಮನ್ನು ಬಸ್ಸಿನ ಒಳಗೆ ಕೂರಿಸುತ್ತೇನೆ. ಜೂನ್ 26, ರಾಯಚೂರಿನ ಯರಮರಸ್. ಮಾನ್ವಿ ತಾಲ್ಲೂಕಿನ ಕರೇಗುಡ್ಡಕ್ಕೆ ಹೊರಟ ಬಸ್ಸು. ಕಿಟಕಿಯ ಕಂಬಿ ಕೈಗೆ ಬಿಸಿ ತಗಲುತ್ತಿದೆ. ಹೊರಗೆ ಯರಮರಸ್ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಕಾರ್ಮಿಕರು. ಮೊದಲು ಕೂಗು ಕೇಳುತ್ತದೆ, ಆಮೇಲೆ ಬಸ್ಸು ನಿಧಾನವಾಗುತ್ತದೆ, ನಿಲ್ಲುತ್ತದೆ. ತಗಡಿನ ಮೇಲೆ ಅಂಗೈ ಬಡಿಯುವ ಸದ್ದು. ಇನ್ನೊಂದು. ಸೀಟು ಕಂಪಿಸುತ್ತದೆ. ಮುಂದೆ ಜನ, ಪಕ್ಕದಲ್ಲಿ ಜನ, ಎತ್ತಿದ ಫೋನುಗಳು. ಘೋಷಣೆ ಜೋರಾಗುತ್ತದೆ. ಹಿಂದೆ ಓಬಿ ವ್ಯಾನು, ಮುಂದೆ ಓಬಿ ವ್ಯಾನು. ಬೆವರು ಕಣ್ಣಿಗಿಳಿಯುತ್ತದೆ. ಕಾರಾಗಿದ್ದರೆ ಗಾಜು ಏರಿಸಿ ಹೊರಟುಬಿಡಬಹುದಿತ್ತು. ಇದು ಬಸ್ಸು. ತೋರಿಸಲೆಂದೇ ತಂದ ಕಿಟಕಿ ಈಗ ಮುಚ್ಚುವಂತಿಲ್ಲ.

ಮುಖ್ಯಮಂತ್ರಿಗೆ ಎರಡು ದಾರಿಗಳಿವೆ. ಇಳಿದು ಮಾತಾಡುವುದು ಒಂದು. ಇಳಿದರೆ ಹೊತ್ತು ಹೋಗುತ್ತದೆ, ಕರೇಗುಡ್ಡದಲ್ಲಿ ಕಾಯುತ್ತಿರುವ ಸಾಲು ಕಾಯುತ್ತದೆ, ಕೊಟ್ಟ ಭರವಸೆ ದಾಖಲಾಗುತ್ತದೆ. ಸುಮ್ಮನೆ ಕೂರುವುದು ಇನ್ನೊಂದು. ಕೂತರೆ ಮುಖ ತಿರುಗಿಸಿದ ಮುಖ್ಯಮಂತ್ರಿ ಎಂಬ ಪಟ್ಟಿ ಪರದೆಯ ಕೆಳಗೆ ಓಡುತ್ತದೆ. ತೂಗಿ ನೋಡುವಷ್ಟು ಪುರುಸೊತ್ತನ್ನು ಆ ಗದ್ದಲ ಕೊಡುವುದಿಲ್ಲ. ಸಿಟ್ಟು ಬರುತ್ತದೆ. ಮೋದಿಗೆ ಮತ ಹಾಕಿ ಸಮಸ್ಯೆ ಬಗೆಹರಿಸಲು ನನ್ನ ಹತ್ತಿರ ಬರುತ್ತೀರಾ, ಲಾಠಿ ಚಾರ್ಜ್ ಮಾಡಿಸಬೇಕಾ ಎಂಬರ್ಥದ ಮಾತು ಬಾಯಿಂದ ಹೊರಬೀಳುತ್ತದೆ.

ಆ ಕ್ಷಣದಲ್ಲಿ ನಿಮ್ಮ ಮೈ ಜುಮ್ಮೆನ್ನುತ್ತದೆ, ಏಕೆಂದರೆ ಇದು ಓಡುತ್ತದೆಂದು ನಿಮಗೆ ಗೊತ್ತು. ಚಂಡರಕಿಯ ಬಸ್ಸು, ನೆಲದ ಹಾಸಿಗೆ, ಮಕ್ಕಳೊಂದಿಗಿನ ಊಟ ಎಲ್ಲ ಸೇರಿದರೂ ಇದರಷ್ಟು ಓಡುವುದಿಲ್ಲ. ಬಿಜೆಪಿಯವರಿಗೆ ಹೇಳಿಕೆ ಸಿದ್ಧವಾಗುತ್ತದೆ, ಮುಖ್ಯಮಂತ್ರಿಗೆ ಮತ್ತೆ ಸಮಜಾಯಿಷಿಯ ಕೆಲಸ ಬೀಳುತ್ತದೆ. ಕಾರ್ಮಿಕರ ಬೇಡಿಕೆ ಏನಿತ್ತೆಂದು ಸಂಜೆಯ ಚರ್ಚೆಯಲ್ಲಿ ಕೇಳಿದವರು ಕಡಿಮೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಬಸ್ಸನ್ನು ತಡೆದವರೂ ಅದೇ ತರ್ಕ ಕಲಿತವರು. ಬೇರೆ ದಿನ ಕೊಟ್ಟ ಮನವಿ ಬೇರೆ ದಿನದ ಮನವಿಯಾಗಿಯೇ ಉಳಿಯುತ್ತದೆ. ಹತ್ತಾರು ಕ್ಯಾಮೆರಾ ಹಿಂದೆ ಕಟ್ಟಿಕೊಂಡು ಬರುವ ಬಸ್ಸಿಗೆ ಅಡ್ಡ ನಿಂತರೆ ರಾಜ್ಯವೇ ಕೇಳುತ್ತದೆ. ಮುಖ್ಯಮಂತ್ರಿ ತನಗಾಗಿ ಕಟ್ಟಿಕೊಂಡ ವೇದಿಕೆಯನ್ನು ಅವರು ಕೆಲವು ನಿಮಿಷ ಬಾಡಿಗೆ ಕೊಡದೆ ಬಳಸಿಕೊಂಡರು. ಮಾಧ್ಯಮೀಕರಣವೆಂದರೆ ನಾಯಕರ ಚಟ ಎಂದು ಬರೆಯುವವರು ಬಸ್ಸಿನ ಹೊರಗೆ ನಿಂತವರನ್ನು ಮರೆಯುತ್ತಾರೆ.

ಇಷ್ಟೆಲ್ಲ ಮಾಡಿ ಮುಖ್ಯಮಂತ್ರಿಗೆ ದಕ್ಕಿದ್ದೇನು? ಜುಲೈ 23ರಂದು ವಿಶ್ವಾಸಮತದಲ್ಲಿ ಸೋತು ಸರ್ಕಾರವೇ ಬಿತ್ತು. ಬೀಳಿಸಿದ್ದು ಬಚ್ಚಲೂ ಅಲ್ಲ, ಬಸ್ಸೂ ಅಲ್ಲ. ಹದಿನೈದಕ್ಕೂ ಹೆಚ್ಚು ಶಾಸಕರ ರಾಜೀನಾಮೆ, ಅಂದರೆ ಸಂಖ್ಯೆಯ ಹಳೇ ಲೆಕ್ಕ. ಈ ಸಿದ್ಧಾಂತದ ಮಿತಿ ನನಗೆ ಕಾಣುವುದು ಇಲ್ಲಿ. ರಾಜಕಾರಣಿ ಯಾಕೆ ಹಾಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಅದು ಹೇಳಬಲ್ಲದು. ಹಾಗೆ ನಡೆದುಕೊಂಡರೆ ಗೆಲ್ಲುತ್ತಾನೆಯೇ ಎಂಬುದನ್ನು ಹೇಳಲಾರದು. 2023ರಲ್ಲಿ ಜೆಡಿಎಸ್ ರಾಜ್ಯದಲ್ಲಿ 19 ಸ್ಥಾನಕ್ಕೆ ಕುಸಿದಾಗಲೂ ಚಂಡರಕಿ ಇರುವ ಗುರುಮಠಕಲ್ ಕ್ಷೇತ್ರವನ್ನು ಉಳಿಸಿಕೊಂಡಿತು. ಅಲ್ಲಿ ಗೆದ್ದವರು, ಹಿಂದಿನ ಶಾಸಕ ನಾಗನಗೌಡ ಕಂದಕೂರರ ಮಗ ಶರಣಗೌಡ ಕಂದಕೂರ. ಇದಕ್ಕೆ ಒಂದು ರಾತ್ರಿಯ ವಾಸ್ತವ್ಯ ಕಾರಣವೆಂದರೆ ಊರವರೇ ನಗುತ್ತಾರೆ.

ಕಾರ್ಯಕ್ರಮ ಮಾತ್ರ ಸಾಯಲಿಲ್ಲ. ನಾಟಕ ಎಂದು ಬೈದ ಪಕ್ಷವೇ ಅಧಿಕಾರಕ್ಕೆ ಬಂದು, 2021ರಲ್ಲಿ ‘ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ’ ಎಂದು ತಿಂಗಳಿಗೊಂದು ಶನಿವಾರ ಗೊತ್ತುಮಾಡಿತು. ಆಗ ಕಂದಾಯ ಸಚಿವರಾಗಿದ್ದ ಆರ್. ಅಶೋಕ ತಾವೂ ಹಳ್ಳಿಗಳಲ್ಲಿ ಉಳಿದರು. ಒಬ್ಬ ನಾಯಕನ ಮುಖಕ್ಕೆಂದು ಹೊಲಿದ ಅಂಗಿ ಇಲಾಖೆಯ ಸಮವಸ್ತ್ರವಾಯಿತು.

ನಿಮ್ಮನ್ನು ಇನ್ನೊಂದೇ ಕಡೆ ಕರೆದೊಯ್ಯುತ್ತೇನೆ. ಸುರಪುರ ದಾಟಿ ಹುಣಸಗಿ ತಾಲ್ಲೂಕಿನ ಕೊಡೇಕಲ್. ಕಾಲಜ್ಞಾನ ಹೇಳಿದ ಕೊಡೇಕಲ್ ಬಸವಣ್ಣನ ಊರು. 2023ರ ಜನವರಿ 19. ವಿಧಾನಸಭಾ ಚುನಾವಣೆಗೆ ಇನ್ನು ನಾಲ್ಕು ತಿಂಗಳೂ ಇಲ್ಲ. ಪ್ರಧಾನಿ ಮೋದಿ ಬಂದಿದ್ದಾರೆ. ನೀವು ದೂರದ ಮಾಧ್ಯಮದ ಅಂಕಣದಲ್ಲಿ ಬಿದಿರ ತಡೆಯ ಹಿಂದೆ ಇದ್ದೀರಿ. ಇಲ್ಲಿ ಬಚ್ಚಲ ಹಿಂದೆ ನುಸುಳುವ ಮಾತೇ ಇಲ್ಲ. ನಿಮ್ಮ ಕ್ಯಾಮೆರಾದಲ್ಲಿ ವೇದಿಕೆ ಹೆಬ್ಬೆರಳಿನಷ್ಟು. ಚಿಂತೆಯಿಲ್ಲ, ಸ್ವಚ್ಛವಾದ ದೃಶ್ಯ ಅವರ ಕಡೆಯಿಂದಲೇ ಡೆಸ್ಕಿಗೆ ಹೋಗುತ್ತಿದೆ.

ಉದ್ಘಾಟನೆಯಾಗುತ್ತಿರುವುದು ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ. ಸುಮಾರು 4,700 ಕೋಟಿ ರೂಪಾಯಿಯ ಕೆಲಸ. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ತೂಬಿನ ಗೇಟುಗಳನ್ನು ದೂರದಿಂದಲೇ ಕಂಪ್ಯೂಟರಿನಲ್ಲಿ ಅಳೆದು ಎತ್ತಿ ಇಳಿಸುವ ಸ್ಕಾಡಾ ವ್ಯವಸ್ಥೆ ಅದರ ಜೀವಾಳ. ಮೇಲ್ಭಾಗದವರು ಹೆಚ್ಚು ಎಳೆದುಕೊಂಡರೆ ತುದಿಯ ಹೊಲಕ್ಕೆ ನೀರು ಬರುವುದಿಲ್ಲ ಎಂಬ ಹಳೆಯ ರೋಗಕ್ಕೆ ಇದು ಮದ್ದು ಎಂಬುದು ಲೆಕ್ಕ. ಆದರೆ ಇದನ್ನು ಹೇಗೆ ತೋರಿಸುವುದು? ಗೇಟು ಎರಡು ಅಂಗುಲ ಏರಿದ್ದು ಯಾರ ಕಣ್ಣಿಗೆ ಕಾಣುತ್ತದೆ? ಅದೇ ದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ನಗಾರಿ ಬಾರಿಸಿದರು. ಸಂಜೆಯೊಳಗೆ ದೇಶದ ಫೋನುಗಳಲ್ಲೆಲ್ಲ ನಗಾರಿ. ಕಾಲುವೆ ಪತ್ರಿಕಾ ಪ್ರಕಟಣೆಯಲ್ಲಿ ಉಳಿಯಿತು.

ತುದಿಯ ಹೊಲಕ್ಕೆ ನೀರು ಬಂದಿತೋ ಇಲ್ಲವೋ ಎಂಬುದು ಇಂದಿಗೂ ಶಹಾಪುರ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಏಳುವ ಜಗಳ. ಕೃಷ್ಣಾ ಭಾಗ್ಯ ಜಲ ನಿಗಮದ ಕಚೇರಿ ಇರುವುದು ಅಲ್ಲೇ, ಭೀಮರಾಯನಗುಡಿಯಲ್ಲಿ. ವಾರಾಬಂದಿಯ ಪಾಳಿ ಮುಗಿದು ಕಾಲುವೆ ಒಣಗಿದಾಗ, ಮೆಣಸಿನಕಾಯಿ ಬಾಡತೊಡಗಿದಾಗ ರೈತರು ಬರುತ್ತಾರೆ. ನೀವೂ ಬೈಕು ಹತ್ತಿ ಹೋಗಿರುತ್ತೀರಿ. ಡಾಂಬರು ಮೆತ್ತಗಾಗಿದೆ. ಕಚೇರಿಯ ಒಳಗೆ ಹೋಗಿ ಮನವಿ ಕೊಡುವುದೋ, ರಸ್ತೆಯಲ್ಲಿ ಕೂರುವುದೋ ಎಂದು ಗಿಡದ ನೆರಳಲ್ಲಿ ಚರ್ಚೆ ನಡೆದಿದೆ. ಕಚೇರಿಯೊಳಗೆ ಪಾಳಿಯ ಪಟ್ಟಿಯಿದೆ, ಗೇಟಿನ ಲೆಕ್ಕವಿದೆ, ಉತ್ತರ ಕೊಡಬಲ್ಲ ಎಂಜಿನಿಯರ್ ಇದ್ದಾರೆ. ರಸ್ತೆಯಲ್ಲಿ ಇರುವುದು ಬಿಸಿಲು ಮಾತ್ರ.

ನಿಮ್ಮ ಲೋಗೊ ಕಂಡ ಹಿರಿಯರೊಬ್ಬರು ಎದ್ದು ಬರುತ್ತಾರೆ.

“ಬರ್ರಿ ಸರ, ನಿಮ್ಮ ದಾರೀನ ನೋಡಾಕತ್ತಿದ್ವಿ. ನೀವೊಬ್ರ ಬಂದೀರೋ, ಮತ್ತ ಯಾರರ ಬರೋವ್ರದಾರೋ?”

“ಇನ್ನಿಬ್ರು ದಾರ್ಯಾಗ ಅದಾರ.”

ಅವರು ನೆರಳಿನ ಕಡೆ ತಿರುಗಿ ಕೂಗುತ್ತಾರೆ. “ಏ, ಈಗs ಕುಂಡ್ರಬ್ಯಾಡ್ರಿ ತಡೀರಿ. ಇನ್ನಿಬ್ರು ಬರ್ಲಿ, ಆಮ್ಯಾಲ ರೋಡ್ ಬಂದ್ ಮಾಡೋಣು.”